ಫೋನ್ ಬ್ಯಾಟರಿಗೆ ವಯಸ್ಸಾಗುವುದು ಹೇಗೆ? ಅದನ್ನು ನಿಧಾನ ಮಾಡುವ ಚಾರ್ಜಿಂಗ್ ಕ್ರಮ ಯಾವುದು?

ಕಲಬುರಗಿಯಲ್ಲಿ ಟ್ಯಾಕ್ಸಿ ಓಡಿಸುವ ನನ್ನ ಭಾವ ಒಂದು ದಿನ ಫೋನ್ ಮಾಡಿದರು. "ನೋಡಪಾ, ಇಪ್ಪತ್ತು ಪರ್ಸೆಂಟ್ ಅದ ಅಂತ ತೋರಸ್ತದ, ಒಂದ್ ಕಾಲ್ ಬಂದ್ರ ಸಾಕು, ಗಪ್ ಅಂತ ಆಫ್ ಆಗ್ತದ" ಅಂದರು. ಫೋನ್ ತಗೊಂಡು ಎರಡು ವರ್ಷ ಆಗಿತ್ತಷ್ಟೇ. ಬ್ಯಾಟರಿಯನ್ನು ಅವರು ಎಂದೂ ಖಾಲಿಯಾಗಲು ಬಿಟ್ಟವರಲ್ಲ. ಕಾರಿನಲ್ಲಿ ಸದಾ ಚಾರ್ಜರ್‌ಗೆ ಸಿಕ್ಕಿಸಿರುತ್ತಿದ್ದರು, ಮನೆಗೆ ಬಂದರೆ ರಾತ್ರಿಯಿಡೀ ಮತ್ತೆ ಚಾರ್ಜ್. "ಇಷ್ಟು ಜೋಪಾನ ಮಾಡೀನಿ, ಆದ್ರೂ ಹಿಂಗ್ಯಾಕ?" ಅನ್ನುವುದು ಅವರ ಪ್ರಶ್ನೆ.

ಆ ಜೋಪಾನವೇ ಬ್ಯಾಟರಿಯನ್ನು ಸವೆಸಿತ್ತು. ಯಾಕೆ ಅಂತ ಗೊತ್ತಾಗಬೇಕಾದರೆ ಬ್ಯಾಟರಿ ಒಳಗೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ನೋಡಬೇಕು. ಅದು ತಿಳಿದರೆ ಮುಂದಿನ ಹೆಜ್ಜೆಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ನಿಮಗೇ ಹೊಳೆಯುತ್ತವೆ.

ಒಳಗೆ ಏನಾಗುತ್ತದೆ

ಲಿಥಿಯಂ-ಅಯಾನ್ ಬ್ಯಾಟರಿ ಮೊದಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಸೋನಿ ಕಂಪನಿಯಿಂದ. ಇದರ ಹಿಂದಿನ ಕೆಲಸಕ್ಕಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಅಂದಿನಿಂದ ಇಂದಿನವರೆಗೆ ಬ್ಯಾಟರಿ ತುಂಬ ಸುಧಾರಿಸಿದೆ. ಮೂಲ ರಚನೆ ಮಾತ್ರ ಹಾಗೆಯೇ ಇದೆ.

ಒಂದು ಕಡೆ ಗ್ರಾಫೈಟ್ ಇರುತ್ತದೆ. ಇನ್ನೊಂದು ಕಡೆ, ಹೆಚ್ಚಿನ ಫೋನ್‌ಗಳಲ್ಲಿ, ಲಿಥಿಯಂ ಮತ್ತು ಕೋಬಾಲ್ಟ್ ಸೇರಿದ ಆಕ್ಸೈಡ್ ಇರುತ್ತದೆ. ನಡುವೆ ಎಲೆಕ್ಟ್ರೋಲೈಟ್ ಎಂಬ ದ್ರವ. ಚಾರ್ಜ್‌ಗೆ ಹಾಕಿದಾಗ ಲಿಥಿಯಂ ಅಯಾನುಗಳು ಆಕ್ಸೈಡ್ ಬಿಟ್ಟು ಹೊರಟು, ದ್ರವ ದಾಟಿ, ಗ್ರಾಫೈಟ್‌ನ ಪದರಗಳ ನಡುವೆ ಹೋಗಿ ಕೂರುತ್ತವೆ. ಫೋನ್ ಬಳಸಿದಾಗ ಅದೇ ದಾರಿಯಲ್ಲಿ ವಾಪಸ್ ಬರುತ್ತವೆ. ಹೀಗೆ ಹೋಗಿ ಬರುವ ಲಿಥಿಯಂ ಎಷ್ಟಿದೆಯೋ ಅಷ್ಟೇ ನಿಮ್ಮ ಬ್ಯಾಟರಿಯ ಸಾಮರ್ಥ್ಯ. ಕಾರ್ಖಾನೆಯಲ್ಲಿ ತುಂಬಿದ ಮೇಲೆ ಹೊಸದಾಗಿ ಒಂದು ಚೂರೂ ಸೇರುವುದಿಲ್ಲ. ಕಡಿಮೆಯಾಗುವುದು ಮಾತ್ರ ಸಾಧ್ಯ.

ಕಡಿಮೆಯಾಗುವುದು ಹೇಗೆ? ಎಲೆಕ್ಟ್ರೋಲೈಟ್ ಗ್ರಾಫೈಟ್‌ಗೆ ತಾಗುವ ಕಡೆ ಒಂದು ತೆಳ್ಳನೆಯ ಪೊರೆ ಕಟ್ಟುತ್ತದೆ. ಇದನ್ನು ಎಸ್‌ಇಐ ಅನ್ನುತ್ತಾರೆ. ಸ್ನಾನದ ಹಂಡೆಯೊಳಗೆ ಗಡಸು ನೀರಿನಿಂದ ಸುಣ್ಣ ಕಟ್ಟುವುದಿಲ್ಲವೇ, ನೋಡಲು ಹಾಗೆಯೇ. ಒಂದು ವ್ಯತ್ಯಾಸ ಇದೆ. ಈ ಪೊರೆ ಬೇಕೇ ಬೇಕು. ಕಾರ್ಖಾನೆಯಲ್ಲಿ ಮೊದಲ ಸಲ ಚಾರ್ಜ್ ಮಾಡುವಾಗಲೇ ಅದನ್ನು ಕಟ್ಟಿಸುತ್ತಾರೆ, ಏಕೆಂದರೆ ದ್ರವ ಮತ್ತು ಗ್ರಾಫೈಟ್ ನೇರವಾಗಿ ತಾಗದಂತೆ ತಡೆಯುವುದು ಅದೇ. ತೊಂದರೆ ಏನೆಂದರೆ ಅದು ಬೆಳೆಯುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ. ಬೆಳೆದಷ್ಟೂ ಲಿಥಿಯಂ ಅದರೊಳಗೆ ಸಿಕ್ಕಿಹಾಕಿಕೊಂಡು ಓಡಾಟದಿಂದ ಹೊರಗುಳಿಯುತ್ತದೆ. ಪೊರೆ ದಪ್ಪವಾದಷ್ಟೂ ಅಯಾನುಗಳು ದಾಟುವುದು ಕಷ್ಟವಾಗುತ್ತದೆ, ಅಂದರೆ ಬ್ಯಾಟರಿಯ ಒಳಗಿನ ರೋಧ ಏರುತ್ತದೆ.

ಭಾವನ ಫೋನ್ 20ರಲ್ಲೇ ಆಫ್ ಆಗುತ್ತಿದ್ದದ್ದು ಈ ರೋಧದಿಂದ. ಕಾಲ್ ಬಂದಾಗ ಫೋನ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಒಳಗಿನ ರೋಧ ಹೆಚ್ಚಿದ್ದರೆ ವೋಲ್ಟೇಜ್ ಥಟ್ಟನೆ ಕುಸಿಯುತ್ತದೆ, ಫೋನ್ ನಡೆಯಲು ಬೇಕಾದ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ಚಾರ್ಜ್ ಇನ್ನೂ ಉಳಿದಿರುತ್ತದೆ, ಆದರೆ ಅದನ್ನು ಬೇಕಾದ ವೇಗದಲ್ಲಿ ಕೊಡಲು ಬ್ಯಾಟರಿಗೆ ಆಗುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಆಪಲ್ ತನ್ನ ಹಳೆಯ ಐಫೋನ್‌ಗಳ ವೇಗವನ್ನು ತಾನೇ ತಗ್ಗಿಸುತ್ತಿದ್ದುದಾಗಿ ಒಪ್ಪಿಕೊಂಡದ್ದು ಸುದ್ದಿಯಾಗಿತ್ತು. ಕಾರಣ ಇದೇ: ಸವೆದ ಬ್ಯಾಟರಿ ಹೀಗೆ ಕುಸಿದು ಫೋನ್ ಆಫ್ ಆಗದಿರಲಿ ಅಂತ.

ಈಗ ಮುಖ್ಯ ವಿಷಯ. ಪೊರೆ ಬೆಳೆಯುವುದು ಯಾವಾಗ ಜಾಸ್ತಿ? ಎರಡು ಸಂದರ್ಭದಲ್ಲಿ. ಒಂದು, ಬಿಸಿ ಇದ್ದಾಗ. ಯಾವ ರಾಸಾಯನಿಕ ಕ್ರಿಯೆಯಾದರೂ ಬಿಸಿಯಲ್ಲಿ ಚುರುಕಾಗುತ್ತದೆ. ಎರಡು, ಬ್ಯಾಟರಿ ತುಂಬಿದ್ದಾಗ. ಆಗ ಗ್ರಾಫೈಟ್ ಲಿಥಿಯಂನಿಂದ ಕಿಕ್ಕಿರಿದಿರುತ್ತದೆ, ದ್ರವದ ಜೊತೆ ಬೇಗ ಕ್ರಿಯೆ ನಡೆಸುತ್ತದೆ. ಆಚೆ ಬದಿಯ ಆಕ್ಸೈಡ್‌ನಲ್ಲಿ ಲಿಥಿಯಂ ತೀರಾ ಕಡಿಮೆಯಾಗಿ, ಸುಮಾರು 4.4 ವೋಲ್ಟ್‌ನ ಒತ್ತಡದಲ್ಲಿ ಅದೂ ದ್ರವವನ್ನು ಕೆಡಿಸಲು ತೊಡಗುತ್ತದೆ. ಹೀಗೆ ಎರಡೂ ಕಡೆಯಿಂದ ಪೆಟ್ಟು. ಬ್ಯಾಟರಿ ಉಬ್ಬಿಸುವ ಗ್ಯಾಸ್ ಹುಟ್ಟುವುದು ಕೂಡ ಇಂಥ ಕ್ರಿಯೆಗಳಿಂದಲೇ.

ಕೆನಡಾದ ಕ್ಯಾಡೆಕ್ಸ್ ಕಂಪನಿ ನಡೆಸುವ ಬ್ಯಾಟರಿ ಯೂನಿವರ್ಸಿಟಿ ಎಂಬ ತಾಣದಲ್ಲಿ ಒಂದು ಪಟ್ಟಿ ಇದೆ. ಬ್ಯಾಟರಿಯನ್ನು ಬಳಸದೆ ಒಂದು ವರ್ಷ ಸುಮ್ನೆ ಇಟ್ಟರೆ ಎಷ್ಟು ಸಾಮರ್ಥ್ಯ ಉಳಿಯುತ್ತದೆ ಅನ್ನುವ ಲೆಕ್ಕ ಅದು. 40% ಚಾರ್ಜ್‌ನಲ್ಲಿ 25 ಡಿಗ್ರಿಯಲ್ಲಿ ಇಟ್ಟರೆ 96% ಉಳಿಯುತ್ತದೆ, 40 ಡಿಗ್ರಿಯಲ್ಲಾದರೆ 85%. ಅದೇ 100% ತುಂಬಿಸಿ 25 ಡಿಗ್ರಿಯಲ್ಲಿ ಇಟ್ಟರೆ 80%, 40 ಡಿಗ್ರಿಯಲ್ಲಿ 65%. ನಿಮ್ಮ ಫೋನ್‌ಗೆ ಇದೇ ಅಂಕಿಗಳು ಅನ್ವಯಿಸುತ್ತವೆ ಅಂತಲ್ಲ, ಬ್ಯಾಟರಿಯಿಂದ ಬ್ಯಾಟರಿಗೆ ಬೇರೆಯಾಗುತ್ತದೆ. ಆದರೆ ನಡುವಿನ ಎರಡು ಅಂಕಿ ಗಮನಿಸಿ. ತಂಪಾದ ಕೋಣೆಯಲ್ಲಿ ಪೂರ್ತಿ ತುಂಬಿ ಕೂತ ಬ್ಯಾಟರಿ, ಸೆಖೆಯಲ್ಲಿ ಅರ್ಧಂಬರ್ಧ ತುಂಬಿದ್ದ ಬ್ಯಾಟರಿಗಿಂತ ಜಾಸ್ತಿ ಸವೆದಿದೆ! ಅದೂ ಒಂದು ಸಲವೂ ಬಳಸದೆ.

ಹಾಗಾಗಿ ಎಷ್ಟು ಸಲ ಚಾರ್ಜ್ ಮಾಡಿದಿರಿ ಅನ್ನುವುದಷ್ಟೇ ಲೆಕ್ಕವಲ್ಲ. ದಿನಕ್ಕೆ ಎಷ್ಟು ಗಂಟೆ ಬ್ಯಾಟರಿ ತುಂಬಿ, ಬಿಸಿಯಾಗಿ ಕೂತಿರುತ್ತದೆ ಅನ್ನುವುದನ್ನು ಎಣಿಸಬೇಕು.

ಮೊದಲ ಹೆಜ್ಜೆ: ಈಗಿನ ಸ್ಥಿತಿ ಅಳೆಯಿರಿ

ಐಫೋನ್ ಆದರೆ `Settings > Battery > Battery Health` ನೋಡಿ. `Maximum Capacity` ಅಂದರೆ ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಎಷ್ಟು ಶೇಕಡ ಉಳಿದಿದೆ ಅಂತ. ಐಫೋನ್ 15 ಮತ್ತು ನಂತರದವುಗಳಲ್ಲಿ `Cycle Count` ಕೂಡ ಕಾಣುತ್ತದೆ. ಸೈಕಲ್ ಅಂದರೆ ಚಾರ್ಜರ್ ಸಿಕ್ಕಿಸಿದ ಲೆಕ್ಕವಲ್ಲ. ಇವತ್ತು 60%, ನಾಳೆ 40% ಖರ್ಚು ಮಾಡಿದರೆ ಎರಡೂ ಸೇರಿ ಒಂದು ಸೈಕಲ್.

ಕೆಲವು ಹೊಸ ಆಂಡ್ರಾಯ್ಡ್ ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲೂ ಇದೆಲ್ಲ ಸಿಗುತ್ತದೆ. ಸಿಗದಿದ್ದರೆ ಒಂದು ಕಂಪ್ಯೂಟರ್, ಅದರಲ್ಲಿ ಫೋನ್ ಜೊತೆ ಮಾತಾಡುವ `adb` ಎಂಬ ಗೂಗಲ್‌ನ ಟೂಲ್ ಬೇಕು. ಫೋನ್‌ನಲ್ಲಿ `Developer options` ತೆರೆದು `USB debugging` ಆನ್ ಮಾಡಿ, ಕೇಬಲ್ ಹಾಕಿ, ಈ ಎರಡು ಕಮಾಂಡ್ ಕೊಡಿ:

```
adb shell dumpsys battery
adb shell dumpsys batterystats
```

ಮೊದಲನೆಯದರಲ್ಲಿ `temperature` ಸಾಲು ನೋಡಿ. ಅದು ಡಿಗ್ರಿಯ ಹತ್ತನೇ ಒಂದು ಭಾಗದಲ್ಲಿರುತ್ತದೆ, 345 ಅಂದರೆ 34.5 ಡಿಗ್ರಿ. ಎರಡನೆಯದು ಉದ್ದುದ್ದ ಬರುತ್ತದೆ, ಅದರಲ್ಲಿ `Last learned battery capacity` ಹುಡುಕಿ. ಎಲ್ಲ ಫೋನ್‌ಗಳೂ ಈ ಸಾಲು ಕೊಡುವುದಿಲ್ಲ. ಕೊಟ್ಟರೂ ಅದು ಫೋನ್ ತಾನೇ ಕಟ್ಟಿದ ಅಂದಾಜು, ಒಂದು ವಾರದಿಂದ ಇನ್ನೊಂದು ವಾರಕ್ಕೆ ಸ್ವಲ್ಪ ಆಚೀಚೆ ಆಗುತ್ತದೆ. ತಿಂಗಳಿಗೊಮ್ಮೆ ಬರೆದಿಟ್ಟರೆ ಇಳಿಕೆಯ ದಾರಿ ಕಾಣುತ್ತದೆ. ಎರಡು ಮೂರು ದಿನದ ಏರಿಳಿತಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಇನ್ನೊಂದು ಮಾತು. ಹೊಸ ಫೋನ್‌ನಲ್ಲಿ ಮೊದಲ ಕೆಲವು ತಿಂಗಳಲ್ಲಿ ಮೂರು ನಾಲ್ಕು ಶೇಕಡ ಇಳಿದರೆ ಗಾಬರಿ ಬೇಡ. ಪೊರೆ ತೆಳ್ಳಗಿದ್ದಾಗ ಬೇಗ ಬೆಳೆಯುತ್ತದೆ, ದಪ್ಪವಾದಂತೆ ತಾನೇ ತನಗೆ ಅಡ್ಡವಾಗಿ ನಿಧಾನವಾಗುತ್ತದೆ. ಮೊದಲ ತಿಂಗಳುಗಳ ವೇಗದಲ್ಲೇ ಮುಂದೂ ಇಳಿಯುತ್ತದೆ ಅಂತ ಲೆಕ್ಕ ಹಾಕಿದರೆ ತಪ್ಪಾಗುತ್ತದೆ.

ಭಾವನ ಫೋನ್‌ಗೆ ಬಂದ ಬ್ಯಾಟರಿ 5000 ಎಂಎಎಚ್. ಕಮಾಂಡ್ ಕೊಟ್ಟಾಗ 3600ರ ಆಸುಪಾಸು ತೋರಿಸಿತು, ಅಂದರೆ 72%. ಯುರೋಪಿನಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮದ ಪ್ರಕಾರ ಫೋನ್ ಬ್ಯಾಟರಿ 800 ಸೈಕಲ್ ಆದ ಮೇಲೂ 80% ಸಾಮರ್ಥ್ಯ ಉಳಿಸಿಕೊಂಡಿರಬೇಕು. ಇವರು ಅಷ್ಟು ಸೈಕಲ್ ಮಾಡಿರಲು ಸಾಧ್ಯವೇ ಇರಲಿಲ್ಲ. ಹಗಲೆಲ್ಲ ಫೋನ್ ನಡೆಯುತ್ತಿದ್ದದ್ದು ಕಾರಿನ ಚಾರ್ಜರ್‌ನಿಂದ. ಬ್ಯಾಟರಿಯಿಂದ ಖರ್ಚಾಗುತ್ತಿದ್ದದ್ದು ದಿನಕ್ಕೆ ಹೆಚ್ಚೆಂದರೆ 40%. ಎರಡು ವರ್ಷ ಅಂದರೆ 730 ದಿನ, ದಿನಕ್ಕೆ 0.4ರಂತೆ 300 ಸೈಕಲ್ ಕೂಡ ಆಗುವುದಿಲ್ಲ.

ಬಳಕೆ ಕಡಿಮೆ, ಸವೆತ ಜಾಸ್ತಿ. ಹಾಗಾದರೆ ಉಳಿದದ್ದು ಗಂಟೆಗಳ ಲೆಕ್ಕ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಕಾರಿನಲ್ಲಿ 100%. ರಾತ್ರಿ ಹತ್ತಕ್ಕೆ ದಿಂಬಿನ ಪಕ್ಕ ಚಾರ್ಜ್‌ಗೆ ಹಾಕಿದರೆ ಹನ್ನೊಂದರ ಹೊತ್ತಿಗೆ ತುಂಬಿ, ಬೆಳಿಗ್ಗೆ ಏಳರವರೆಗೆ ಮತ್ತೆ 100%. ದಿನಕ್ಕೆ ಹದಿನೆಂಟು ಗಂಟೆ ಪೂರ್ತಿ ತುಂಬಿದ ಬ್ಯಾಟರಿ! ಅದರಲ್ಲಿ ಹತ್ತು ಗಂಟೆ ಮುಂದಿನ ಗಾಜಿನ ಹೋಲ್ಡರ್‌ನಲ್ಲಿ, ಕಲಬುರಗಿಯ ಬಿಸಿಲಿಗೆ ಎದುರಾಗಿ. ಏಪ್ರಿಲ್‌ನ ಒಂದು ಮಧ್ಯಾಹ್ನ ಅಳೆದು ನೋಡಿದೆವು, 46 ಡಿಗ್ರಿ.

ಎರಡನೇ ಹೆಜ್ಜೆ: ಬಿಸಿ ತಗ್ಗಿಸಿ

ಆಪಲ್ ತನ್ನ ಬಳಕೆದಾರರಿಗೆ ಹೇಳುವುದು, 35 ಡಿಗ್ರಿಗಿಂತ ಹೆಚ್ಚಿನ ವಾತಾವರಣದಲ್ಲಿ ಬಳಸಿದರೆ ಬ್ಯಾಟರಿಗೆ ಶಾಶ್ವತ ಹಾನಿ ಆಗಬಹುದು ಅಂತ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ನೆರಳಲ್ಲೇ 40 ದಾಟುತ್ತದೆ. ಗಾಳಿಯ ಬಿಸಿಯನ್ನು ನಾವು ಬದಲಿಸಲು ಆಗುವುದಿಲ್ಲ. ಅದರ ಮೇಲೆ ನಾವೇ ಸೇರಿಸುವ ಬಿಸಿಯನ್ನು ಕಡಿಮೆ ಮಾಡಬಹುದು.

ಬಿಸಿಲಿನಲ್ಲಿ ಚಾರ್ಜ್ ಆಗುತ್ತಾ ಮ್ಯಾಪ್ ತೋರಿಸುವ ಫೋನ್‌ಗೆ ಮೂರು ಕಡೆಯಿಂದ ಬಿಸಿ: ಸೂರ್ಯನದು, ಚಾರ್ಜಿಂಗ್‌ನದು, ಸ್ಕ್ರೀನ್ ಮತ್ತು ಪ್ರಾಸೆಸರ್‌ನದು. ಬೈಕಿನ ಹ್ಯಾಂಡಲ್‌ಗೆ ಫೋನ್ ಕಟ್ಟಿಕೊಂಡು ಡೆಲಿವರಿಗೆ ಹೋಗುವವರದ್ದೂ ಇದೇ ಕಥೆ. ಭಾವನಿಗೆ ನಾವು ಮಾಡಿದ ಬದಲಾವಣೆ ಸಣ್ಣದು. ಹೋಲ್ಡರ್ ಅನ್ನು ಗಾಜಿನಿಂದ ತೆಗೆದು ಎಸಿ ಗಾಳಿ ಬರುವ ಜಾಗಕ್ಕೆ ಸಿಕ್ಕಿಸಿದೆವು. ಅದೇ ಹೊತ್ತು, ಅದೇ ರಸ್ತೆ, ಬ್ಯಾಟರಿ 36 ಡಿಗ್ರಿಗೆ ಇಳಿಯಿತು. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಫೋನ್ ಬಿಟ್ಟು ಊಟಕ್ಕೆ ಹೋಗುವ ಅಭ್ಯಾಸವನ್ನೂ ಬಿಡಿಸಿದೆವು.

ಮನೆಯಲ್ಲಾದರೆ ದಿಂಬು, ಹಾಸಿಗೆ ಮೇಲೆ ಚಾರ್ಜ್‌ಗೆ ಹಾಕಬೇಡಿ. ಹತ್ತಿ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಕಲ್ಲಿನ ಕಟ್ಟೆ, ಗ್ರಾನೈಟ್, ಬರೀ ಮೇಜು ಒಳ್ಳೆಯದು. ದಪ್ಪ ಕವರ್ ಇದ್ದು ಚಾರ್ಜ್ ಆಗುವಾಗ ಕೈಗೆ ಬಿಸಿ ತಾಗುತ್ತಿದ್ದರೆ ಕವರ್ ತೆಗೆದಿಡಿ. ವೈರ್‌ಲೆಸ್ ಚಾರ್ಜರ್ ಕೇಬಲ್‌ಗಿಂತ ಹೆಚ್ಚು ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತದೆ, ಅದೂ ಫೋನ್‌ನ ಬೆನ್ನಿಗೇ ಅಂಟಿಕೊಂಡು. ಬೇಸಿಗೆಯಲ್ಲಿ ಕೇಬಲ್ಲೇ ವಾಸಿ. ಚಾರ್ಜ್‌ಗೆ ಹಾಕಿಕೊಂಡೇ ಗೇಮ್ ಆಡುವ ಮಕ್ಕಳಿಗೆ ಒಂದನ್ನು ಮುಗಿಸಿ ಇನ್ನೊಂದು ಮಾಡಲು ಹೇಳಿ.

ಚಳಿ ದೇಶದಲ್ಲಿರುವ ಕನ್ನಡಿಗರಿಗೆ ಇದರ ಉಲ್ಟಾ ಸಮಸ್ಯೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಗ್ರಾಫೈಟ್ ಒಳಗೆ ಹೋಗಲಾಗದೆ ಮೇಲೇ ಲೋಹವಾಗಿ ಕೂತುಬಿಡುತ್ತದೆ. ಅದರಲ್ಲಿ ತುಂಬಾ ಭಾಗ ವಾಪಸ್ ಬರುವುದಿಲ್ಲ. ಹಿಮದಲ್ಲಿ ಓಡಾಡಿ ಬಂದರೆ ಫೋನ್ ಕೋಣೆಯ ಬಿಸಿಗೆ ಬರುವವರೆಗೆ ಕಾದು ಆಮೇಲೆ ಚಾರ್ಜ್‌ಗೆ ಹಾಕಿ.

ಮೂರನೇ ಹೆಜ್ಜೆ: ತುಂಬಿ ಕೂರುವ ಗಂಟೆ ಕಡಿಮೆ ಮಾಡಿ

ರಾತ್ರಿಯಿಡೀ ಚಾರ್ಜ್‌ಗೆ ಹಾಕಿದರೆ ಓವರ್‌ಚಾರ್ಜ್ ಆಗುತ್ತದೆ ಅನ್ನುವ ಹೆದರಿಕೆ ಬೇಡ. ಫೋನ್ ಒಳಗಿನ ಸರ್ಕ್ಯೂಟ್ 100ಕ್ಕೆ ಬಂದ ಕೂಡಲೇ ನಿಲ್ಲಿಸುತ್ತದೆ. ತೊಂದರೆ ಇರುವುದು ಆಮೇಲೆ 100ರಲ್ಲೇ ಏಳೆಂಟು ಗಂಟೆ ಕೂರುವುದರಲ್ಲಿ.

ಇದಕ್ಕೆ ಸುಲಭ ಪರಿಹಾರ ಫೋನ್‌ನಲ್ಲೇ ಇದೆ. ಐಫೋನ್ 15 ಮತ್ತು ನಂತರದವುಗಳಲ್ಲಿ `Battery` ಒಳಗೆ `Charge Limit` ಅನ್ನು 80ಕ್ಕೆ ಇಡಬಹುದು. ಸ್ಯಾಮ್‌ಸಂಗ್‌ನಲ್ಲಿ `Battery protection` ಒಳಗೆ `Maximum` ಆಯ್ಕೆ ಮಾಡಿ. ಪಿಕ್ಸೆಲ್‌ನಲ್ಲಿ `Limit to 80%` ಇದೆ. ಬೇರೆ ಕಂಪನಿಗಳ ಹೊಸ ಫೋನ್‌ಗಳಲ್ಲೂ ಬ್ಯಾಟರಿ ಸೆಟ್ಟಿಂಗ್ಸ್ ಒಳಗೆ ಇಂಥದ್ದೇ ಒಂದು ಸ್ವಿಚ್ ಹುಡುಕಿ. ಒಮ್ಮೊಮ್ಮೆ ಮಿತಿ ಇಟ್ಟರೂ ಐಫೋನ್ 100ರವರೆಗೆ ಹೋಗುತ್ತದೆ. ಶೇಕಡಾ ಲೆಕ್ಕ ಸರಿಯಾಗಿರಲು ಅದು ಬೇಕು, ಕೆಟ್ಟಿದೆ ಅಂದುಕೊಳ್ಳಬೇಡಿ.

ಮಿತಿ ಇಡುವ ಸೌಲಭ್ಯ ಇಲ್ಲದ ಹಳೆಯ ಫೋನ್ ಆದರೆ? ಚಾರ್ಜ್ ಮಾಡುವ ಹೊತ್ತು ಬದಲಿಸಿ. ರಾತ್ರಿ ಬಿಟ್ಟು, ಬೆಳಿಗ್ಗೆ ಸ್ನಾನ, ತಿಂಡಿ ಮುಗಿಯುವಷ್ಟರಲ್ಲಿ ಹಾಕಿ ತೆಗೆಯಿರಿ. ಆಗ 90ಕ್ಕೆ ಬಂದರೂ ಚಿಂತೆಯಿಲ್ಲ, ಅರ್ಧ ಗಂಟೆಯಲ್ಲಿ ಬಳಕೆಯಿಂದ ಇಳಿಯುತ್ತದೆ. ಬ್ಯಾಟರಿಗೆ 100 ಮುಟ್ಟುವುದಕ್ಕಿಂತ ಅಲ್ಲೇ ಕೂರುವುದು ಕೆಟ್ಟದ್ದು. ಊರಿಗೆ ಹೊರಟ ದಿನ, ಮದುವೆ ಮನೆಗೆ ಹೋಗುವ ದಿನ ಧಾರಾಳವಾಗಿ 100 ಮಾಡಿಕೊಂಡು ಹೋಗಿ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಬರುತ್ತದೆ. ಮುಂದೆ 20% ಕಳೆದುಕೊಳ್ಳಬಾರದು ಅಂತ ಇವತ್ತೇ 20% ಬಿಡುವುದು ಯಾವ ಬುದ್ಧಿವಂತಿಕೆ? ನನ್ನ ಅಭಿಪ್ರಾಯ ಹೀಗಿದೆ. ಎರಡು ವರ್ಷಕ್ಕೆ ಫೋನ್ ಬದಲಿಸುವವರು, ಸಂಜೆಗೆ 10%ಗೆ ಬರುವವರು ಮಿತಿ ಇಡುವುದೇ ಬೇಡ. ನಾಲ್ಕೈದು ವರ್ಷ ಒಂದೇ ಫೋನ್ ಇಟ್ಟುಕೊಳ್ಳುವವರು, ದಿನದ ಕೊನೆಗೂ 40% ಉಳಿಯುವವರು, ಮತ್ತು ಮುಖ್ಯವಾಗಿ ಹಗಲೆಲ್ಲ ಚಾರ್ಜರ್ ಪಕ್ಕದಲ್ಲೇ ಇರುವವರು ಖಂಡಿತ ಇಡಬೇಕು. ಅವರು ಬಿಟ್ಟುಕೊಡುವ ಆ 20% ಅವರಿಗೆ ಹೇಗೂ ಬೇಕಾಗಿರುವುದಿಲ್ಲ.

ನಾಲ್ಕನೇ ಹೆಜ್ಜೆ: ಸ್ವಲ್ಪ ಸ್ವಲ್ಪ ತುಂಬಿಸಿ

ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು ಅನ್ನುವ ಮಾತು ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಕಾಲದ್ದು. ಲಿಥಿಯಂಗೆ ಅದು ಉಲ್ಟಾ. ಗ್ರಾಫೈಟ್ ಪೂರ್ತಿ ತುಂಬಿದಾಗ ಸುಮಾರು ಹತ್ತು ಶೇಕಡ ಉಬ್ಬುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಪ್ರತಿ ಸಲ ಹೀಗೆ ಪೂರ್ತಿ ಉಬ್ಬಿ ಕುಗ್ಗಿದಾಗ ಮೇಲಿನ ಪೊರೆಯಲ್ಲಿ ಬಿರುಕು ಬೀಳುತ್ತದೆ, ಬಿರುಕು ಮುಚ್ಚಲು ಹೊಸ ಪೊರೆ ಬೆಳೆಯುತ್ತದೆ, ಮತ್ತಷ್ಟು ಲಿಥಿಯಂ ಹೋಗುತ್ತದೆ. 30ರಿಂದ 80ರ ನಡುವೆ ಓಡಾಡಿದರೆ ಈ ಎಳೆದಾಟ ಕಡಿಮೆ. ಹಾಗಾಗಿ ದಿನಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡಿದರೆ ತಪ್ಪೇನೂ ಇಲ್ಲ, ಅದೇ ಒಳ್ಳೆಯದು.

ಫಾಸ್ಟ್ ಚಾರ್ಜಿಂಗ್ ಬಗ್ಗೆ ಜನರಿಗೆ ಅಗತ್ಯಕ್ಕಿಂತ ಜಾಸ್ತಿ ಭಯ ಇದೆ. ಡಬ್ಬಿಯ ಮೇಲೆ ಬರೆದ ವ್ಯಾಟ್ ಪೂರ್ತಿ ಹೊತ್ತು ಹರಿಯುವುದಿಲ್ಲ. ಬ್ಯಾಟರಿ ಖಾಲಿ ಇದ್ದಾಗ ಜೋರಾಗಿ ತುಂಬಿ, ವೋಲ್ಟೇಜ್ ಮೇಲಿನ ಮಿತಿ ಮುಟ್ಟಿದ ಮೇಲೆ ಕರೆಂಟ್ ತಾನಾಗಿ ಇಳಿಯುತ್ತಾ ಹೋಗುತ್ತದೆ. ಕೊನೆಯ ಹತ್ತು ಶೇಕಡಕ್ಕೆ ಅಷ್ಟು ಹೊತ್ತು ಹಿಡಿಯುವುದು ಇದಕ್ಕೇ. ಅವಸರ ಇದ್ದಾಗ ಬಳಸಿ. ರಾತ್ರಿ, ಅವಸರವೇ ಇಲ್ಲದಾಗ, ಮನೆಯಲ್ಲಿರುವ ಹಳೆಯ 10 ವ್ಯಾಟ್ ಚಾರ್ಜರ್ ಸಾಕು. ಫೋನ್ ತಣ್ಣಗಿರುತ್ತದೆ.

ಐದನೇ ಹೆಜ್ಜೆ: ಬಳಸದ ಫೋನ್ ಇಡುವ ಬಗೆ

ಹಳೆಯ ಫೋನ್ ಕಪಾಟಿನಲ್ಲಿಡುವಾಗ 50%ಗೆ ತಂದು ಸ್ವಿಚ್ ಆಫ್ ಮಾಡಿ. ಆರು ತಿಂಗಳಿಗೊಮ್ಮೆ ತೆಗೆದು ಮತ್ತೆ 50ಕ್ಕೆ ತನ್ನಿ. ಖಾಲಿ ಫೋನ್ ಇಟ್ಟು ಮರೆತರೆ ಬ್ಯಾಟರಿ ತನ್ನಷ್ಟಕ್ಕೇ ಇನ್ನೂ ಕೆಳಗಿಳಿದು, ಕೊನೆಗೆ ಚಾರ್ಜ್ ತೆಗೆದುಕೊಳ್ಳದ ಸ್ಥಿತಿಗೆ ಹೋಗುತ್ತದೆ.

ಬದಲಿಸುವುದು ಯಾವಾಗ

ಸಾಮರ್ಥ್ಯ 80%ಗಿಂತ ಕೆಳಗೆ ಬಂದು, ಜೊತೆಗೆ 20, 30 ಶೇಕಡದಲ್ಲೇ ಫೋನ್ ಆಫ್ ಆಗುತ್ತಿದ್ದರೆ ಯಾವ ಅಭ್ಯಾಸದಿಂದಲೂ ಅದು ಸರಿಹೋಗುವುದಿಲ್ಲ. ಸಿಕ್ಕಿಬಿದ್ದ ಲಿಥಿಯಂ ವಾಪಸ್ ಬರುವುದಿಲ್ಲ. ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿಸಿದರೆ ಪರದೆ ಮೇಲಿನ ಶೇಕಡಾ ಲೆಕ್ಕ ಸರಿಯಾಗಬಹುದು, ಬ್ಯಾಟರಿ ಸರಿಯಾಗುವುದಿಲ್ಲ. ಬದಲಿಸುವಾಗ ಕಂಪನಿಯ ಬ್ಯಾಟರಿಯನ್ನೇ ಹಾಕಿಸಿ.

ಭಾವ ಬ್ಯಾಟರಿ ಬದಲಿಸಿದರು. ಈ ಸಲ ಮಿತಿ 80, ಹೋಲ್ಡರ್ ಎಸಿ ಮುಂದೆ, ಕಾರಿನ ಚಾರ್ಜರ್ 40ಕ್ಕಿಂತ ಕೆಳಗೆ ಬಂದಾಗ ಮಾತ್ರ. ಹನ್ನೊಂದು ತಿಂಗಳಾದ ಮೇಲೆ ಅಳೆದಾಗ 4760 ತೋರಿಸಿತು, ಅಂದರೆ 95%. ಒಂದು ಫೋನ್‌ನಿಂದ ಎಲ್ಲರಿಗೂ ಇಷ್ಟೇ ಸಿಗುತ್ತದೆ ಅನ್ನಲು ಬರುವುದಿಲ್ಲ. ಆದರೆ ಕಾರು ಅದೇ, ಊರು ಅದೇ, ಬಿಸಿಲೂ ಅದೇ.

ಒಂದು ಲಕ್ಷಣ ಕಂಡರೆ ಮಾತ್ರ ಅಳೆಯುತ್ತಾ ಕೂರಬೇಡಿ. ಹಿಂದಿನ ಕವರ್ ಎದ್ದಿದ್ದರೆ, ಸ್ಕ್ರೀನ್ ಅಂಚು ಬಿಟ್ಟುಕೊಂಡಿದ್ದರೆ, ಮೇಜಿನ ಮೇಲಿಟ್ಟಾಗ ಫೋನ್ ಅಲ್ಲಾಡಿದರೆ ಬ್ಯಾಟರಿ ಉಬ್ಬಿದೆ ಅಂತ ಅರ್ಥ. ಕೂಡಲೇ ಚಾರ್ಜರ್ ತೆಗೆದು ಸ್ವಿಚ್ ಆಫ್ ಮಾಡಿ. ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ, ತೂತಾದರೆ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆ, ಕಾಗದದಿಂದ ದೂರ ಕಲ್ಲಿನ ನೆಲದ ಮೇಲಿಟ್ಟು, ಮರುದಿನವೇ ಸರ್ವಿಸ್ ಸೆಂಟರ್‌ಗೆ ಕೊಡಿ. ಮನೆ ಕಸದ ಬುಟ್ಟಿಗೆ ಹಾಕಬೇಡಿ. ಕಸದ ಗಾಡಿಯಲ್ಲಿ ಅದುಮಿದಾಗ ಅಲ್ಲೇ ಹೊತ್ತಿಕೊಂಡರೆ ಪೆಟ್ಟಾಗುವುದು ಕಸ ಒಯ್ಯುವವರಿಗೆ.